ತಿಥಿ ಸರಿ, ಯೋಗ ಮಾತ್ರ ಮೂರು ಗಂಟೆ ತಡ: ಬೆಂಗಳೂರು ಪಂಚಾಂಗ ಪ್ರೋಗ್ರಾಂನ ಪ್ರಗತಿ

ಕೊನೆಗೂ ತಪ್ಪು ಸಿಕ್ಕಿತು. ಗ್ರಹಗಳ ಸ್ಥಾನ ಲೆಕ್ಕಹಾಕುವ ಸ್ವಿಸ್ ಎಫಿಮೆರಿಸ್ ಲೈಬ್ರರಿ ಇಟ್ಟುಕೊಂಡು ಬರೆದ ಪ್ರೋಗ್ರಾಂ ತಿಥಿಯನ್ನೂ ಕರಣವನ್ನೂ ಅಚ್ಚಿನ ದೃಗ್ಗಣಿತ ಪಂಚಾಂಗಕ್ಕೆ ನಿಮಿಷ ತಪ್ಪದಂತೆ ಕೊಡುತ್ತಿತ್ತು. ನಕ್ಷತ್ರ ಮಾತ್ರ ಸುಮಾರು ಒಂದು ಗಂಟೆ ಮೂವತ್ತಾರು ನಿಮಿಷ ತಡವಾಗಿ ಮುಗಿಯುತ್ತಿತ್ತು, ಯೋಗ ಅದರ ಎರಡು ಪಟ್ಟಿಗೆ ಹತ್ತಿರ, ಮೂರು ಗಂಟೆ ತಡ. ವಾರದ ಮಾತೇ ಬೇಡ. ಅದು ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಹಿಂದಿನ ವಾರವೇ.

ಲೆಕ್ಕಕ್ಕೆ ಒಂದು ದಿನ ತೆಗೆದುಕೊಳ್ಳೋಣ. ಸೂರ್ಯೋದಯ 6:05, ಆಗ ನಿರಯಣ ಸೂರ್ಯ 100°, ಚಂದ್ರ 215°. ಪಂಚಾಂಗದ ಸಾಲು ಹೀಗಿರುತ್ತದೆ: ದಶಮಿ 24-37, ಅನೂರಾಧ 53-07, ಶುಕ್ಲ 21-10, ಗರಜ 24-37. ಹೊಸಬರು ಇಲ್ಲೇ ಎಡವುತ್ತಾರೆ. 21-10 ಅಂದರೆ ರಾತ್ರಿ ಒಂಬತ್ತು ಹತ್ತು ಅಲ್ಲ, ಸೂರ್ಯೋದಯದಿಂದ 21 ಗಳಿಗೆ 10 ವಿಗಳಿಗೆ. ಗಳಿಗೆಗೆ 24 ನಿಮಿಷ, ವಿಗಳಿಗೆಗೆ 24 ಸೆಕೆಂಡು. 504 ನಿಮಿಷಕ್ಕೆ 4 ಸೇರಿದರೆ 8 ಗಂಟೆ 28 ನಿಮಿಷ, ಅಂದರೆ ಶುಕ್ಲ ಯೋಗ ಮಧ್ಯಾಹ್ನ 2:33ರ ತನಕ. ಹಾಗೇ ದಶಮಿ 3:56ರ ತನಕ. ಗರಜ ದಶಮಿಯ ಉತ್ತರಾರ್ಧದ ಕರಣ, ಆದ್ದರಿಂದ ತಿಥಿಯ ಜೊತೆಗೇ ಮುಗಿಯುತ್ತದೆ.

ಈಗ ಅದೇ ಸಾಲನ್ನು ಅಂಶದಲ್ಲಿ ನೋಡಿ. ತಿಥಿ ಎಂದರೆ ಚಂದ್ರನಿಂದ ಸೂರ್ಯನನ್ನು ಕಳೆದದ್ದು: 115°. ತಿಥಿಗೆ 12°, ಆದ್ದರಿಂದ ಹತ್ತನೆಯದು ನಡೆಯುತ್ತಿದೆ, 120° ಮುಟ್ಟಿದಾಗ ಮುಗಿಯುತ್ತದೆ. ನಕ್ಷತ್ರಕ್ಕೆ ಚಂದ್ರನೊಬ್ಬನೇ ಸಾಕು, 13°20'ರಂತೆ ಭಾಗಿಸಿದರೆ ಹದಿನೇಳನೆಯದು. ಯೋಗಕ್ಕೆ ಇಬ್ಬರನ್ನೂ ಕೂಡಿಸಬೇಕು: 315°, ಇಪ್ಪತ್ತನಾಲ್ಕನೆಯದು.

ತಪ್ಪಿನ ಗುಟ್ಟು ಈ ಕೂಡುವುದು ಕಳೆಯುವುದರಲ್ಲೇ ಇದೆ. ವಿಷುವದಿಂದ ಅಳೆದ ಸಾಯನ ಸ್ಥಾನದಿಂದ ಅಯನಾಂಶ ಕಳೆದು, ನಕ್ಷತ್ರಗಳಿಂದ ಅಳೆದ ನಿರಯಣ ಪಡೆಯುತ್ತೇವೆ. ಅಯನಾಂಶದಲ್ಲಿ ತಪ್ಪಿದ್ದರೆ ಸೂರ್ಯ, ಚಂದ್ರ ಇಬ್ಬರಲ್ಲೂ ಒಂದೇ ತಪ್ಪು. ಕಳೆದಾಗ ಅದು ಹಾರಿಹೋಗುತ್ತದೆ, ತಿಥಿ ಕರಣಗಳಿಗೆ ಏನೂ ಆಗುವುದಿಲ್ಲ. ನಕ್ಷತ್ರದಲ್ಲಿ ಒಂದು ಪಟ್ಟು ಉಳಿಯುತ್ತದೆ, ಯೋಗದಲ್ಲಿ ಎರಡು ಪಟ್ಟು. ಪ್ರೋಗ್ರಾಂನಲ್ಲಿ ನಿರಯಣ ಬೇಕೆಂದು ಹೇಳಿತ್ತು, ಯಾವ ಅಯನಾಂಶ ಎಂದು ಹೇಳಿರಲಿಲ್ಲ. ಹೇಳದಿದ್ದರೆ ಸ್ವಿಸ್ ಎಫಿಮೆರಿಸ್ ಫೇಗನ್-ಬ್ರಾಡ್ಲಿ ಹಿಡಿಯುತ್ತದೆ. ಅದು ಅಚ್ಚಿನ ಪಂಚಾಂಗದ ಲಾಹಿರಿ ಅಯನಾಂಶಕ್ಕಿಂತ ಸುಮಾರು 53 ಕಲೆ ಹೆಚ್ಚು. ಮೊದಲ ಸ್ಥಾನ ಕೇಳುವ ಮುಂಚೆ ಈ ಒಂದು ಸಾಲು ಬೇಕಿತ್ತು:

```
swe.set_sid_mode(swe.SIDM_LAHIRI)
```

ಇಷ್ಟು ದಿನ ಇದು ಅಡಗಿ ಕೂತದ್ದಕ್ಕೂ ಕಾರಣವಿದೆ. ಮೇಲಿನ ದಿನದಲ್ಲಿ ಚಂದ್ರನಿಂದ 53 ಕಲೆ ಹೆಚ್ಚಿಗೆ ಕಳೆದರೂ ಸೂರ್ಯೋದಯಕ್ಕೆ ಅನೂರಾಧವೇ, ಯೋಗವೂ ಶುಕ್ಲವೇ. ಹೆಸರು ಹೊಂದುತ್ತದೆ, ಮುಗಿಯುವ ಹೊತ್ತು ಮಾತ್ರ ಜಾರುತ್ತದೆ. ಚಂದ್ರ 214°ಯಲ್ಲಿದ್ದಿದ್ದರೆ ತಪ್ಪು ಲೆಕ್ಕದಲ್ಲಿ 213°07' ಆಗಿ ವಿಶಾಖ ಬರುತ್ತಿತ್ತು, ಅವತ್ತೇ ಕಣ್ಣಿಗೆ ಬೀಳುತ್ತಿತ್ತು. ಹೆಸರು ಹೊಂದಿಸಿ ನೋಡಿ ಸುಮ್ಮನಾಗಬೇಡಿ, ಅಂತ್ಯದ ಹೊತ್ತನ್ನೇ ಹೊಂದಿಸಿ.

ಇನ್ನೊಂದು ಬಗೆಯ ತಪ್ಪಿಗೆ ಬೇರೆಯೇ ಗುರುತು. ಕರಾವಳಿಯಿಂದ ತಂದ ಪಂಚಾಂಗದ ಗಳಿಗೆಯನ್ನು ಬೆಂಗಳೂರಿನ ಸೂರ್ಯೋದಯಕ್ಕೆ ಕೂಡಿಸಿದರೆ ನಾಲ್ಕೂ ಅಂಗಗಳು ಒಂದೇ ಅಳತೆಯಲ್ಲಿ ಮುಂಚೆ ಮುಗಿಯುತ್ತವೆ. ಉಡುಪಿ ಸುಮಾರು 2.85° ಪಶ್ಚಿಮಕ್ಕಿದೆ, ರೇಖಾಂಶದ ಲೆಕ್ಕಕ್ಕೇ 11 ನಿಮಿಷ. ತಿಥಿಯೇ ಗಂಟೆಗಟ್ಟಲೆ ಬೇರೆ ಬಂದರೆ ಅಯನಾಂಶವನ್ನು ಬಿಡಿ. ಕೈಲಿರುವುದು ದೃಗ್ಗಣಿತವೋ ಸೂರ್ಯಸಿದ್ಧಾಂತದ ಗಣಿತವೋ ಎಂದು ಮೊದಲ ಪುಟ ತೆಗೆದು ನೋಡಿ.

ಆ ಮೊದಲ ಪುಟದ ಬಗ್ಗೆ ಒಂದು ದೂರು ಇದೆ. ಹೋಲಿಕೆಗೆ ತಂದ ಮೂರರಲ್ಲಿ ಒಂದು ಪಂಚಾಂಗದವರು ಯಾವ ಊರಿನ ಸೂರ್ಯೋದಯ, ಯಾವ ಅಯನಾಂಶ ಎರಡನ್ನೂ ಅಚ್ಚು ಹಾಕಿಲ್ಲ. ಜಾಹೀರಾತಿಗೆ ಪುಟಗಟ್ಟಲೆ ಜಾಗ ಇದೆ, ಇದಕ್ಕೆ ಎರಡು ಸಾಲು ಇಲ್ಲ. ಸಾಲದ್ದಕ್ಕೆ ಶಾಯಿ ಹರಡಿ 3 ಯಾವುದು 8 ಯಾವುದು ಗೊತ್ತಾಗದು. ತಿಥಿಯನ್ನು ನಿಮಿಷಕ್ಕೆ ತಿರುಗಿಸಿ ನೋಡಿಯೇ ಅಂಕಿ ಗುರುತಿಸಬೇಕಾಯಿತು.

ಗಳಿಗೆಯ ಗುಣಾಕಾರ ಮಾಡುತ್ತ ಮಾಡುತ್ತ ಮುಂದಿನ ಕೆಲಸವೂ ಹೊಳೆದಿದೆ: ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು, ನೀರಿನ ಮೇಲೆ ತೇಲಬಿಟ್ಟರೆ 24 ನಿಮಿಷಕ್ಕೆ ಮುಳುಗಬೇಕು. ತೂತನ್ನು ಕಿರಿದಾಗಿಯೇ ಕೊರೆದು ಶುರುಮಾಡುವುದು, ಬೇಗ ಮುಳುಗಿದರೆ ಮತ್ತೆ ಮುಚ್ಚುವುದು ಕಷ್ಟ.

ಪ್ರೋಗ್ರಾಂನಲ್ಲಿ ಇನ್ನು ಉಳಿದಿರುವುದು ಕ್ಷಯ ತಿಥಿ. ಒಂದು ಸೂರ್ಯೋದಯದ ಮೇಲೆ ಶುರುವಾಗಿ ಮುಂದಿನದಕ್ಕೆ ಮುಂಚೆ ಮುಗಿಯುವ ತಿಥಿಯನ್ನು ಅದು ಈಗ ನುಂಗಿಬಿಡುತ್ತದೆ, ಯಾಕೆಂದರೆ ದಿನಕ್ಕೆ ಒಂದೇ ಅಂತ್ಯ ಹುಡುಕುತ್ತದೆ. ಮುಂದಿನ ಸೂರ್ಯೋದಯ ಬರುವ ತನಕ ಹುಡುಕುತ್ತಲೇ ಹೋಗುವಂತೆ ಈ ವಾರ ತಿದ್ದಬೇಕು.