ತಂತಿ ಹೋಯಿತು, ಪಟ್ಟೆ ಬಂತು

ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಸಾವುಕಾರರೊಬ್ಬರಿಗೆ ಆಫೀಸಿನ ಗೋಡೆ ತುಂಬುವ ಫೋಟೋ ಬೇಕಾಗಿತ್ತು. ಆರಡಿ ಅಗಲ, ನಾಲ್ಕಡಿ ಎತ್ತರ. ಮುಂದೆ ಕೊಯ್ಲಿಗೆ ಬಂದ ಭತ್ತದ ಗದ್ದೆ, ಹಿಂದೆ ಅಂಜನಾದ್ರಿ ಕಡೆಯ ಬಂಡೆಗುಡ್ಡಗಳ ಸಾಲು, ಮೇಲೆ ಸಂಜೆಯ ಖಾಲಿ ಆಕಾಶ. ಅವರ ಅಳಿಯನೇ ತೆಗೆದ ಫೋಟೋ, ಚೆನ್ನಾಗಿಯೇ ತೆಗೆದಿದ್ದ. ಆದರೆ ಆಕಾಶಕ್ಕೆ ಅಡ್ಡವಾಗಿ ಕರೆಂಟಿನ ತಂತಿಗಳಿದ್ದವು, ಗುಡ್ಡದ ಪಕ್ಕ ಒಂದು ಮೊಬೈಲ್ ಟವರ್ ಇತ್ತು. ಅವನ್ನು ಯಾರೋ ಅಳಿಸಿಕೊಟ್ಟಿದ್ದರು. ಪ್ರಿಂಟ್ ಹಾಕಿಸಿದರೆ ತಂತಿ ಇಲ್ಲ ನಿಜ, ಅದರ ಬದಲು ಆಕಾಶದ ತುಂಬ ಪಟ್ಟೆ!

ಪ್ರಿಂಟನ್ನು ಸುರುಳಿ ಸುತ್ತಿ ನನ್ನ ಅಂಗಡಿಗೆ ತಂದರು. ಫೋಟೋ ತಿದ್ದುವುದೇ ನನ್ನ ಕೆಲಸ. ಬಿಚ್ಚಿ ಮೇಜಿನ ಮೇಲೆ ಹರಡಿ, "ಲ್ಯಾಬಿನವ ಮಷಿನ್ ಹೆಡ್ ತೊಳದು ಎರಡನೇ ಸಲ ಹಾಕಿ ಕೊಟ್ಟಾನ್ರೀ. ಆದ್ರೂ ಹಂಗ ಐತಿ. ನೀವರ ನೋಡ್ರಿ" ಅಂದರು.

ಲ್ಯಾಬಿನವನ ತಪ್ಪಲ್ಲ ಅನ್ನುವುದು ಪ್ರಿಂಟ್ ನೋಡಿದರೇ ಗೊತ್ತಾಗುತ್ತಿತ್ತು. ಪ್ರಿಂಟರ್‌ ಹೆಡ್ ಕೆಟ್ಟರೆ ಬೀಳುವ ಗೆರೆಗಳು ನೇರವಾಗಿರುತ್ತವೆ, ಒಂದೇ ಅಂತರದಲ್ಲಿರುತ್ತವೆ, ಆಕಾಶ ಗುಡ್ಡ ಗದ್ದೆ ಅನ್ನದೆ ಎಲ್ಲದರ ಮೇಲೂ ಹಾಯುತ್ತವೆ. ಇಲ್ಲಿ ಗದ್ದೆ ಸ್ವಚ್ಛವಾಗಿತ್ತು, ಬಂಡೆಗಳೂ ಸ್ವಚ್ಛ. ಪಟ್ಟೆ ಇದ್ದದ್ದು ಆಕಾಶದಲ್ಲಿ ಮಾತ್ರ. ಅವೂ ನೇರವಾಗಿರಲಿಲ್ಲ, ಸೂರ್ಯ ಮುಳುಗಿದ ಮೂಲೆಯ ಸುತ್ತ ಕಮಾನಿನಂತೆ ಬಾಗಿದ್ದವು. ಬೆಳಕಿನ ಏರಿಳಿತವನ್ನು ಹಿಂಬಾಲಿಸುವ ಪಟ್ಟೆ ಫೈಲಿನೊಳಗಿಂದಲೇ ಬಂದಿರುತ್ತದೆ. ಹೆಡ್ ಎಷ್ಟು ತೊಳೆದರೂ ಹೋಗುವಂಥದ್ದಲ್ಲ.

ಅಳಿಯ ಪೆನ್‌ಡ್ರೈವಿನಲ್ಲಿ ತಂದಿದ್ದ ಜೆಪಿಜಿಯನ್ನು ಫೋಟೋಶಾಪಿನಲ್ಲಿ ತೆರೆದೆ. 6000 ಪಿಕ್ಸೆಲ್ ಅಗಲ, 4000 ಎತ್ತರ. ಅದರಲ್ಲಿ ಮೇಲಿನ 2400 ಪಿಕ್ಸೆಲ್‌ಗಳಷ್ಟು ಆಕಾಶ. ಮೌಸನ್ನು ಮೇಲಿಂದ ಕೆಳಕ್ಕೆ ತರುತ್ತ Info ಪ್ಯಾನೆಲ್ ನೋಡಿದರೆ ನೀಲಿ ಚಾನೆಲ್ಲಿನ ಅಂಕಿ 148ರಿಂದ 188ಕ್ಕೆ ಏರುತ್ತಿತ್ತು. ಅಂದರೆ ಅಷ್ಟುದ್ದದ ಆಕಾಶಕ್ಕೆ ಇರುವುದು ಬರೀ 40 ಮೆಟ್ಟಿಲು. ಒಂದೊಂದು ಮೆಟ್ಟಿಲು ಸುಮಾರು 60 ಪಿಕ್ಸೆಲ್ ಅಗಲ. ಆರಡಿಯ ಪ್ರಿಂಟಿನಲ್ಲಿ ಇಂಚಿಗೆ 83 ಪಿಕ್ಸೆಲ್ ಬೀಳುವುದರಿಂದ ಅದು ಮುಕ್ಕಾಲು ಇಂಚಿಗೆ ತುಸು ಕಡಿಮೆಯಾಗುತ್ತದೆ. ಮೇಜಿನ ಮೇಲಿನ ಪ್ರಿಂಟಿಗೆ ಸ್ಕೇಲ್ ಹಿಡಿದೆ. ಲೆಕ್ಕ ಹೆಚ್ಚುಕಡಿಮೆ ಕೂಡಿತು. ಕೆಂಪು, ಹಸಿರು ಚಾನೆಲ್‌ಗಳು ಬೇರೆ ಬೇರೆ ಜಾಗದಲ್ಲಿ ಮೆಟ್ಟಿಲು ಏರುವುದರಿಂದ ಒಂದು ಪಟ್ಟೆ ನಸುಗುಲಾಬಿ, ಪಕ್ಕದ್ದು ನಸುಹಸಿರು. ಬರೀ ಬೆಳಕಿನ ವ್ಯತ್ಯಾಸವಾಗಿದ್ದರೆ ಕಣ್ಣಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

8 ಬಿಟ್ ಚಿತ್ರದಲ್ಲಿ ಒಂದು ಚಾನೆಲ್ಲಿಗೆ 256 ಮಟ್ಟ ಮಾತ್ರ. ಹಾಗಿದ್ದರೂ ಕ್ಯಾಮೆರಾದಿಂದ ನೇರ ಬಂದ 8 ಬಿಟ್ ಜೆಪಿಜಿಯಲ್ಲಿ ಇಂಥ ಪಟ್ಟೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಾರಣ, ನಾವು ಬೈಯುವ ನಾಯ್ಸ್, ಅಂದರೆ ಫೋಟೋದಲ್ಲಿ ಕಾಣುವ ಕಾಳುಕಾಳು ಚುಕ್ಕೆ. ಒಂದು ಜಾಗದ ನಿಜವಾದ ಬೆಳಕು 150.4 ಇದೆ ಅನ್ನಿ. 8 ಬಿಟ್‌ನಲ್ಲಿ ಆ ಅಂಕಿ ಬರೆಯಲಾಗದು, ನಾಯ್ಸ್ ಇಲ್ಲದಿದ್ದರೆ ಎಲ್ಲ ಪಿಕ್ಸೆಲ್‌ಗಳೂ 150 ಆಗಿಬಿಡುತ್ತವೆ. ನಾಯ್ಸ್ ಇದ್ದರೆ ಕೆಲವು 149, ಕೆಲವು 150, ಕೆಲವು 151, 152 ಆಗಿ ಚೆದುರುತ್ತವೆ, ಆದರೆ ಅವುಗಳ ಸರಾಸರಿ 150.4ರ ಹತ್ತಿರವೇ ನಿಲ್ಲುತ್ತದೆ. ದೂರದಿಂದ ನೋಡುವ ಕಣ್ಣು ಆ ಸರಾಸರಿಯನ್ನೇ ಹಿಡಿಯುತ್ತದೆ. ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಅಂಚೇ ಉಳಿಯುವುದಿಲ್ಲ.

ತಂತಿ ಅಳಿಸಿದವರು ಈ ನಾಯ್ಸನ್ನೂ ಅಳಿಸಿದ್ದರು. ಅಳಿಸಿದ ಜಾಗದಲ್ಲಿ ಕಲೆ ಉಳಿದಿರಬೇಕು, ಅದು ಮುಚ್ಚಲಿ ಎಂದು ಇಡೀ ಆಕಾಶಕ್ಕೆ Gaussian Blur ಹಾಕಿದ್ದರು. 8 ಬಿಟ್‌ನಲ್ಲಿ ಬ್ಲರ್ ಮಾಡಿದ ಉತ್ತರವೂ ಪೂರ್ಣಾಂಕಕ್ಕೇ ಬಂದು ಕೂರಬೇಕು. ಹಾಗಾಗಿ ಎಷ್ಟು ಹೆಚ್ಚು ಬ್ಲರ್ ಮಾಡುತ್ತೀರೋ ಪಟ್ಟೆಯ ಅಂಚು ಅಷ್ಟು ಚೊಕ್ಕಟವಾಗುತ್ತದೆ. ಪಟ್ಟೆ ಕಂಡಾಗ ಎಲ್ಲರ ಕೈ ಮೊದಲು ಹೋಗುವುದೂ ಬ್ಲರ್‌ಗೇ, ಅದೇ ತಮಾಷೆ.

"ಇದನ್ನ 16 ಬಿಟ್ ಮಾಡಿದ್ರ ಸರಿ ಹೋಗಂಗಿಲ್ಲೇನ್ರಿ ಅಣ್ಣಾ?" ಎಂದ ಅಳಿಯ. ಅವನೂ ಒಂದಿಷ್ಟು ಓದಿಕೊಂಡಿದ್ದ. ಗಿರಣಿ ಮನೆಯವನಿಗೆ ಗಿರಣಿ ಮಾತಿನಲ್ಲೇ ಹೇಳಿದೆ: "ಸೇರಿಲೆ ಅಳದು, ಮೇಲಿಂದು ಗೀರಿ ಚೆಲ್ಲಿದ ಅಕ್ಕಿ, ಆಮ್ಯಾಲೆ ಗ್ರಾಮಿನ ತಕ್ಕಡಿಗಿಟ್ರ ವಾಪಸ್ ಬರ್ತೈತೇನಪಾ?" Mode ಬದಲಿಸಿದರೆ ಅದೇ 40 ಮೆಟ್ಟಿಲುಗಳು ದೊಡ್ಡ ಅಂಕಿಗಳಲ್ಲಿ ಬರೆಯಲ್ಪಡುತ್ತವೆ, ಅಷ್ಟೇ. ಬದಲಿಸಿದ ಮೇಲೆ ಮಾಡುವ ಕೆಲಸಕ್ಕೆ ನಡುವಿನ ಮಟ್ಟಗಳು ಸಿಗುತ್ತವೆ ನಿಜ. ಸೆನ್ಸರ್ ಹಿಡಿದದ್ದನ್ನು ಜೆಪಿಜಿ ಮಾಡದೆ ಹಾಗೆಯೇ ಇಟ್ಟ ರಾ ಫೈಲ್ ಇಲ್ಲದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ: 16 ಬಿಟ್‌ಗೆ ಏರಿಸಿ, ಪಟ್ಟೆಗಿಂತ ಅಗಲವಾದ ಬ್ಲರ್ ಹಾಕಿ, ಮೇಲೆ ನಾಯ್ಸ್ ಉದುರಿಸುವುದು. ಪುಣ್ಯಕ್ಕೆ ಅವನ ಕಾರ್ಡಿನಲ್ಲಿ 14 ಬಿಟ್‌ನ ರಾ ಫೈಲ್ ಇನ್ನೂ ಇತ್ತು.

ಅದನ್ನು ಕ್ಯಾಮೆರಾ ರಾದಲ್ಲಿ 16 ಬಿಟ್‌ಗೆ ತೆರೆದು, ಮೊದಲಿನಿಂದ ಶುರು ಮಾಡಿದೆ. ತಂತಿಗಳು ಕಷ್ಟ ಕೊಡಲಿಲ್ಲ. ಪಕ್ಕದ ಆಕಾಶವನ್ನೇ ಕ್ಲೋನ್ ಮಾಡಿದರೆ ಅದರ ನಾಯ್ಸ್ ಕೂಡ ಜೊತೆಗೇ ಬರುತ್ತದೆ. ಬ್ರಷ್ ಮಾತ್ರ ಗಟ್ಟಿ ಅಂಚಿನದಿರಬೇಕು. ಮೆತ್ತನೆಯ ಅಂಚಿನ ಬ್ರಷ್ಷಿನಲ್ಲಿ ಹಳೆಯ ಆಕಾಶವೂ ಹೊಸದೂ ಅರ್ಧಕ್ಕರ್ಧ ಬೆರೆಯುವ ಕಡೆ ಎರಡರ ನಾಯ್ಸ್ ಒಂದನ್ನೊಂದು ತಿಂದು, ಮೊದಲಿನ ಸುಮಾರು 70 ಪರ್ಸೆಂಟಿಗೆ ಇಳಿಯುತ್ತದೆ. ತಂತಿ ಇದ್ದ ದಾರಿಯಲ್ಲಿ ಎರಡು ನುಣುಪು ಗೆರೆ ಎದ್ದು ಕಾಣುವುದು ಅದಕ್ಕೇ.

ಟವರ್ ಹಾಗಲ್ಲ. ಅದರ ಬಲಕ್ಕೆ ಸೂರ್ಯನ ಹೊಳಪು, ಎಡಕ್ಕೆ ಮಬ್ಬು. ಯಾವ ಪಕ್ಕದ ತುಂಡು ತಂದಿಟ್ಟರೂ ಬಣ್ಣ ಕೂಡುತ್ತಿರಲಿಲ್ಲ. ಅಲ್ಲಿ ಬಣ್ಣವನ್ನೂ ನಾಯ್ಸನ್ನೂ ಬೇರೆ ಬೇರೆಯಾಗಿಯೇ ಕಟ್ಟಬೇಕಾಯಿತು. ಲೇಯರಿನ ನಕಲು ಮಾಡಿ, ಅದರಲ್ಲಿ Content-Aware Fill ನಿಂದ ಟವರನ್ನು ಒರಟಾಗಿ ಅಳಿಸಿದೆ. ಆ ನಕಲಿಗೆ 40 ಪಿಕ್ಸೆಲ್ ಬ್ಲರ್ ಕೊಟ್ಟು, ಅದನ್ನು ಪೂರ್ತಿ ಮರೆಮಾಡುವ ಕಪ್ಪು ಮಾಸ್ಕ್ ಹಾಕಿ, ಟವರ್ ಇದ್ದಷ್ಟು ಜಾಗದಲ್ಲಿ ಮಾತ್ರ ಕಾಣುವಂತೆ ಬಿಳಿ ಬಳಿದೆ. 16 ಬಿಟ್ ಆದ್ದರಿಂದ ಈ ಬ್ಲರ್ ಮೆಟ್ಟಿಲು ಕಟ್ಟುವುದಿಲ್ಲ. ಗುಡ್ಡದ ಅಂಚಿಗೆ ಮಾತ್ರ ಇದು ನಡೆಯದು, ಬಂಡೆಯ ಕಪ್ಪು ಬ್ಲರಿನೊಳಗೆ ಸೋರಿ ಆಕಾಶಕ್ಕೆ ಮಸಿ ಹಿಡಿಯುತ್ತದೆ. ಹಾಗಾಗಿ ಗುಡ್ಡದ ಗೆರೆಗಿಂತ ನೂರಿಪ್ಪತ್ತು ಪಿಕ್ಸೆಲ್ ಮೇಲೆಯೇ ನಿಲ್ಲಿಸಿ, ಉಳಿದ ಬುಡವನ್ನು ಅದೇ ಎತ್ತರದ ಪಕ್ಕದ ಆಕಾಶದಿಂದ ಸ್ವಲ್ಪಸ್ವಲ್ಪವೇ ಕ್ಲೋನ್ ಮಾಡಿ ಮುಗಿಸಿದೆ. ಹೆಚ್ಚು ಹೊತ್ತು ಹಿಡಿದದ್ದು ಆ ಅಂಗೈಯಗಲದ ಜಾಗವೇ.

ಈಗ ನಾಯ್ಸ್. ಎಷ್ಟು ಹಾಕಬೇಕು ಎಂದು ಕಣ್ಣಂದಾಜಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ, ಅಳೆಯಲು ದಾರಿ ಇದೆ. ಮುಟ್ಟದ ಆಕಾಶದಲ್ಲಿ 40 ಪಿಕ್ಸೆಲ್ ಚೌಕ ಸೆಲೆಕ್ಟ್ ಮಾಡಿ Histogram ಪ್ಯಾನೆಲ್ಲಿನಲ್ಲಿ Std Dev ನೋಡಿದರೆ ನಾಯ್ಸಿನ ಬಲ ಅಂಕಿಯಲ್ಲಿ ಸಿಗುತ್ತದೆ. ಪ್ಯಾನೆಲ್ಲಿನ ಮೂಲೆಯಲ್ಲಿ ಎಚ್ಚರಿಕೆಯ ಚಿಹ್ನೆ ಇದ್ದರೆ ಅದನ್ನು ಒತ್ತಿ ಹೊಸದಾಗಿ ಲೆಕ್ಕ ಹಾಕಿಸಬೇಕು, ಇಲ್ಲದಿದ್ದರೆ ಹಳೆಯ ಅಂದಾಜನ್ನೇ ತೋರಿಸುತ್ತದೆ. ಚೌಕ ದೊಡ್ಡದಾದರೆ ಆಕಾಶದ ಏರಿಳಿತವೂ ನಾಯ್ಸ್ ಲೆಕ್ಕದಲ್ಲಿ ಸೇರಿಬಿಡುತ್ತದೆ, ಅದಕ್ಕೇ ಚಿಕ್ಕದು. ಟವರಿನ ಪಕ್ಕದ ಆಕಾಶ 2.1 ತೋರಿಸಿತು. ನಾನು ಬಳಿದ ತೇಪೆ 0.4.

50 ಪರ್ಸೆಂಟ್ ಬೂದು ತುಂಬಿದ ಲೇಯರ್ ಮಾಡಿ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡೆ, ಆಮೇಲೆ ಅಂಕಿ ಬದಲಿಸಲು ಬರಲಿ ಎಂದು. ಲೇಯರಿನ ಬ್ಲೆಂಡಿಂಗ್ ಮೋಡ್ Linear Light, Opacity 50%. ಹೀಗಿಟ್ಟರೆ ಲೇಯರಿನ ನಾಯ್ಸ್ ಎಷ್ಟಿದೆಯೋ ಅಷ್ಟೇ ಕೆಳಗೆ ಇಳಿಯುತ್ತದೆ. Overlay ಆದರೆ ಕೆಳಗಿನ ಬಣ್ಣಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಮೇಲೆ Add Noise, Gaussian. ಪಕ್ಕದ ಆಕಾಶವನ್ನು 300 ಪರ್ಸೆಂಟಿಗೆ ಹಿಗ್ಗಿಸಿದಾಗ ಬಣ್ಣದ ಚುಕ್ಕೆಗಳು ಕಾಣಲಿಲ್ಲ, ಹಾಗಾಗಿ Monochromatic ಗೆ ಟಿಕ್ ಹಾಕಿದೆ.

ಅಂಕಿ ಕೂಡಿದರೂ ತೇಪೆ ಕೂಡಲಿಲ್ಲ. ನನ್ನ ನಾಯ್ಸ್ ರವೆಯಂತೆ ಬಿಡಿಬಿಡಿಯಾಗಿತ್ತು, ಕ್ಯಾಮೆರಾದ್ದು ಎರಡು ಮೂರು ಪಿಕ್ಸೆಲ್ ಅಂಟಿಕೊಂಡು ಮೆತ್ತಗಿತ್ತು. ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿಗೆ ಒಂದೇ ಬಣ್ಣ ದಾಖಲಾಗುತ್ತದೆ, ಉಳಿದೆರಡನ್ನು ಅಕ್ಕಪಕ್ಕದವುಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಆ ಲೆಕ್ಕದಲ್ಲಿ ನಾಯ್ಸ್ ಕೂಡ ನೆರೆಮನೆಗೆ ಹರಡುತ್ತದೆ. ಆದ್ದರಿಂದ Add Noise ಮೇಲೆ 0.4 ಪಿಕ್ಸೆಲ್ಲಿನ Gaussian Blur ಸೇರಿಸಿದೆ. ಬ್ಲರ್‌ನಿಂದ ಬಲ ಇಳಿಯಿತು, Amount ಏರಿಸಿದೆ. ಅಳತೆ ಮತ್ತೆ 2.1ಕ್ಕೆ ಬರುವ ತನಕ ಇದೇ ಆಟ. ಎಷ್ಟು ಪರ್ಸೆಂಟ್ ಇಟ್ಟೆ ಅನ್ನುವುದನ್ನು ಬೇಕೆಂದೇ ಹೇಳುತ್ತಿಲ್ಲ. ಬೇರೆ ಕ್ಯಾಮೆರಾ, ಬೇರೆ ಐಎಸ್‌ಒ ಆದರೆ ಅದು ಉಪಯೋಗಕ್ಕೆ ಬಾರದು. ನಾಯ್ಸ್ ಲೇಯರಿನ ಮಾಸ್ಕನ್ನು ತೇಪೆಯ ಮಾಸ್ಕಿಗಿಂತ ಕೆಲವು ಪಿಕ್ಸೆಲ್ ಹೊರಗೆ ಚಾಚಿದೆ. ಎರಡೂ ಒಂದೇ ಅಳತೆಯಾದರೆ ಬೆರೆಯುವ ಅಂಚಿನಲ್ಲಿ ಮತ್ತದೇ 70 ಪರ್ಸೆಂಟಿನ ನುಣುಪು ಉಂಗುರ.

ಎಲ್ಲಕ್ಕೂ ಮೇಲೆ ಒಂದು Curves ಲೇಯರ್ ಹಾಕಿ, 130ರಿಂದ 200ರವರೆಗಿನ ಬೆಳಕನ್ನು ಕಪ್ಪಿನಿಂದ ಬಿಳಿಯವರೆಗೆ ಎಳೆದೆ. ನೋಡಲು ಅಸಹ್ಯ, ಆದರೆ ಅಡಗಿದ ಪಟ್ಟೆ, ತೇಪೆ ಎಲ್ಲ ಹೊರಬೀಳುತ್ತದೆ. 100 ಪರ್ಸೆಂಟಿನಲ್ಲೇ ನೋಡಬೇಕು, ಚಿತ್ರ ಕುಗ್ಗಿಸಿ ನೋಡಿದರೆ ಫೈಲಿನಲ್ಲಿ ಇಲ್ಲದ ಪಟ್ಟೆಯೂ ಪರದೆಯ ಮೇಲೆ ಕಾಣಬಹುದು. ಟವರಿನ ಜಾಗ ಗೊತ್ತಿದ್ದ ನನಗೂ ಹುಡುಕಬೇಕಾಯಿತು. ಆ ಲೇಯರ್ ತೆಗೆದುಹಾಕಿದೆ.

ಲ್ಯಾಬಿನವರು 8 ಬಿಟ್ ಜೆಪಿಜಿಯನ್ನೇ ಕೇಳುತ್ತಾರೆ. ಕೊಡಲು ಅಡ್ಡಿಯಿಲ್ಲ. 2.1ರಷ್ಟು ನಾಯ್ಸ್ ಇರುವಾಗ ಮೆಟ್ಟಿಲಿನ ಅಂಚುಗಳು ತಾವಾಗಿಯೇ ಚೆದುರಿಹೋಗುತ್ತವೆ. 16 ಬಿಟ್ ಬೇಕಿದ್ದದ್ದು ಕೆಲಸ ನಡೆಯುವಾಗ. Quality 12 ಇಟ್ಟು ಉಳಿಸಿದೆ, ಕಡಿಮೆ ಮಾಡಿದರೆ ಜೆಪಿಜಿ ಮೊದಲು ತಿನ್ನುವುದು ಸಣ್ಣ ನಾಯ್ಸನ್ನೇ. ದೊಡ್ಡ ಪ್ರಿಂಟಿಗೆ ಮುಂಚೆ ಆಕಾಶದ ಒಂದು ಅಡಿಯ ಪಟ್ಟಿಯನ್ನಷ್ಟೇ ಅದೇ ಅಳತೆಯಲ್ಲಿ ಹಾಕಿಸಿ ನೋಡಿದೆವು. ಅದರಲ್ಲಿ ಪಟ್ಟೆ ಇರಲಿಲ್ಲ.

ಸಾವುಕಾರರು ಅಷ್ಟಕ್ಕೇ ಬಿಡಲಿಲ್ಲ. ಫೋಟೋ ವಾಟ್ಸಾಪಿನಲ್ಲಿ ಬೀಗರಿಗೆಲ್ಲ ಕಳಿಸಿ, ಮರುದಿನ ಫೋನ್ ಮಾಡಿದರು: "ಗ್ವಾಡಿ ಮ್ಯಾಲೆ ಚಲೋ ಐತ್ರೀ, ಫೋನಿನ್ಯಾಗ ಮತ್ತ ಪಟ್ಟಿ ಬರಾಕತ್ತಾವ." ಬರಲೇಬೇಕು. 6000 ಪಿಕ್ಸೆಲ್ಲನ್ನು 1500ಕ್ಕೆ ಕುಗ್ಗಿಸಿದರೆ ಹದಿನಾರು ಪಿಕ್ಸೆಲ್ ಸೇರಿ ಒಂದಾಗುತ್ತವೆ, 2.1ರ ನಾಯ್ಸ್ 0.5ರ ಆಸುಪಾಸಿಗೆ ಬೀಳುತ್ತದೆ, ಉಳಿದದ್ದನ್ನು ವಾಟ್ಸಾಪಿನ ಕಂಪ್ರೆಶನ್ ಒರೆಸಿಹಾಕುತ್ತದೆ. 16 ಬಿಟ್ ಫೈಲನ್ನು ಮೊದಲು 1500ಕ್ಕೆ ಇಳಿಸಿ, ಆ ಅಳತೆಯಲ್ಲಿ ಇಡೀ ಆಕಾಶಕ್ಕೆ ಹೊಸದಾಗಿ ನಾಯ್ಸ್ ಹಾಕಿ, ಬೇರೆ ಜೆಪಿಜಿ ಮಾಡಿಕೊಟ್ಟೆ. ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿರಿ ಎಂದು ಅಳಿಯನಿಗೆ ತೋರಿಸಿಕೊಟ್ಟೆ. ಸಾವುಕಾರರು ಮಾತ್ರ ಈಗಲೂ ಫೋಟೋ ಎಂದೇ ಕಳಿಸುತ್ತಾರೆ.