ಗೆಳತಿಯ ಕಾಫಿಪುಡಿ ಅಂಗಡಿ

ನನ್ನ ಬಾಲ್ಯದ ಗೆಳತಿ ಕಳೆದ ಸೋಮವಾರ ಹಾಸನದಲ್ಲಿ ಕಾಫಿಪುಡಿಯ ಪುಟ್ಟ ಅಂಗಡಿಯೊಂದನ್ನು ತೆರೆದಿದ್ದಾಳೆ. ಹತ್ತಡಿ ಅಗಲದ ಮಳಿಗೆ, ಬೀಸುವ ಯಂತ್ರ, ತಕ್ಕಡಿ, ಹುರಿದ ಬೀಜದ ನಾಲ್ಕು ಡಬ್ಬಿಗಳು, ಬಂಡವಾಳವೆಲ್ಲ ಇಷ್ಟೇ.

ಮೂರನೆಯ ದಿನ ನಾನು ಅಲ್ಲಿದ್ದಾಗಲೇ ಹಿರಿಯರೊಬ್ಬರು ಬಂದು, "ಏನಮ್ಮಾ, ಅರ್ಧ ಗಂಟೆಯಾದರೂ ನಿನ್ನ ಪುಡಿಯಿಂದ ಡಿಕಾಕ್ಷನ್ ಇಳಿಯಲೇ ಇಲ್ಲವಲ್ಲ" ಎಂದರು. ಅವಳು ವಾದಿಸಲಿಲ್ಲ. ಅವರು ತಂದಿದ್ದ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದಳು. ರವೆಯಂತೆ ತರಿಯಾಗಿ ಸಿಗಬೇಕಾದದ್ದು ಹಿಟ್ಟಿನಂತೆ ನುಣ್ಣಗಿತ್ತು. ಸಾಲದ್ದಕ್ಕೆ ಅವರು ಕೇಳಿ ಒಯ್ದಿದ್ದ ಪುಡಿಯಲ್ಲಿ ನೂರಕ್ಕೆ 40 ಪಾಲು ಚಿಕೋರಿ. ಅದು ನೀರು ಹೀರಿ ಉಬ್ಬಿ ಮೆತ್ತಗಾಗುವುದರಿಂದ, ನುಣುಪು ಪುಡಿಯೊಡನೆ ಸೇರಿ ಫಿಲ್ಟರಿನ ರಂಧ್ರಗಳನ್ನೇ ಮುಚ್ಚಿಬಿಟ್ಟಿತ್ತು. ಯಂತ್ರವನ್ನು ತುಸು ತರಿಗೆ ತಿರುಗಿಸಿ, ಚಿಕೋರಿಯನ್ನು 20ಕ್ಕೆ ಇಳಿಸಿ, ಬೇರೆ ಪುಡಿ ಕೊಟ್ಟು, ಮೇಲಿನ ಬಿಲ್ಲೆಯನ್ನು ಬಲವಾಗಿ ಒತ್ತಬೇಡಿರೆಂದೂ ತಿಳಿಸಿದಳು.

ಚಿಕೋರಿಯೆಂದರೆ ಬರೀ ಕಲಬೆರಕೆಯೆಂದು ನಾನು ತಿಳಿದಿದ್ದೆ. ಬಣ್ಣ ಮತ್ತು ಮಂದತನಕ್ಕಾಗಿ ಅದನ್ನು ಕೇಳಿಯೇ ಒಯ್ಯುವವರು ಬಹಳ ಮಂದಿ ಇದ್ದಾರೆ. ಮರೆಮಾಚಿ ಬೆರೆಸಿದರಷ್ಟೇ ಅದು ಮೋಸ. ಗೆಳತಿ ಪ್ರತಿ ಪೊಟ್ಟಣದ ಮೇಲೂ ಎರಡರ ಪ್ರಮಾಣವನ್ನು ಕೈಯಾರೆ ಬರೆಯುತ್ತಾಳೆ.

ಶನಿವಾರ ಆ ಹಿರಿಯರು ಮತ್ತೆ ಬಂದು, ಹೆಚ್ಚೇನೂ ಹೇಳದೆ, ಅರ್ಧ ಕಿಲೋ ಕೇಳಿದರಂತೆ. ಗೆಳತೀ, ನಮ್ಮ ಮನೆಯ ತಿಂಗಳ ಪುಡಿಯೂ ಇನ್ನು ನಿನ್ನಲ್ಲಿಯೇ, ಅದೂ ಸಾಲ ಹೇಳದೆ.