ವಾಟ್ಸಾಪ್‌ನಲ್ಲಿ ಹಾಕಿದ ‘ಸೂಪರ್’ ಮೆಸೇಜ್‌ನಿಂದ ರೆಕಮೆಂಡೇಶನ್ ಲೆಟರ್

“ಅಕ್ಕಾ, ನಮ್ಮ ಜೂನಿಯರ್ ಹುಡುಗಿ ಎಮ್ಮೆಸ್ಸಿಗೆ ಅಪ್ಲೈ ಮಾಡ್ತಿದ್ದಾಳೆ, ಲೆಟರ್ ಬೇಕಂತೆ. ನನ್ನ ಹತ್ರ ಇರೋದು ಅವಳಿಗೆ ಆಗಾಗ ಹಾಕಿದ ಸೂಪರ್, ಗುಡ್ ಜಾಬ್ ಅನ್ನೋ ಮೆಸೇಜ್ ಅಷ್ಟೇ. ಅದನ್ನ ಲೆಟರ್ ಮಾಡೋದು ಹೆಂಗೆ?”

ನಿಮ್ಮ ಮೆಸೇಜ್ ಬಿಡಿ, ಅದರ ಮೇಲೆ ಅವಳು ಕಳ್ಸಿರೋ ಮೆಸೇಜ್ ನೋಡಿ. ಲೆಟರ್‌ಗೆ ಬೇಕಾಗಿರೋದು ಇರೋದು ಅಲ್ಲಿ. ನಾವು ಸೂಪರ್ ಅಂತ ಹಾಕೋದು ಯಾವುದೋ ಒಂದು ಫೋಟೋಗೋ, ಅವಳು ಕೇಳಿದ ಪ್ರಶ್ನೆಗೋ, ‘ಹಿಂಗ್ ಮಾಡಿದೀನಿ ನೋಡಿ’ ಅಂದಿದ್ದಕ್ಕೋ ಉತ್ತರವಾಗಿ ತಾನೆ? ಆ ಸೂಪರ್ ಬರೀ ಗುರುತು, ‘ಇಲ್ಲೇನೋ ಒಳ್ಳೇದಾಗಿದೆ’ ಅಂತ ನಾವೇ ಹಾಕಿಟ್ಟಿರೋ ಗುರುತು. ಏನಾಯ್ತು ಅನ್ನೋದು ಅದರ ಮೇಲಿನ ಎರಡ್ಮೂರು ಸಾಲಲ್ಲಿರುತ್ತೆ, ಇಲ್ಲಾಂದ್ರೆ ಆವತ್ತಿನ ರಿಜಿಸ್ಟರ್‌ನಲ್ಲಿರುತ್ತೆ.

ನಾನು ಕೆಲಸ ಮಾಡೋದು ಚಿಕ್ಕಮಗಳೂರಲ್ಲಿ, ತೋಟದ ಕಾಫಿ ಸಿಪ್ಪೆ ತೆಗೆದು ವಿಂಗಡಿಸೋ ಒಂದು ಕ್ಯೂರಿಂಗ್ ವರ್ಕ್ಸ್‌ನ ಕ್ವಾಲಿಟಿ ಸೆಕ್ಷನ್‌ನಲ್ಲಿ. ನಮ್ಮ ಹತ್ರ ಕೆಲಸ ಕಲಿತ ಒಬ್ಬಳು ಫುಡ್ ಟೆಕ್ನಾಲಜಿ ಓದೋಕೆ ಹೊರಟಾಗ ನಾನೇ ಅವಳಿಗೆ ಲೆಟರ್ ಬರೆದೆ. ಅವಳನ್ನ ಕೇಳಿಯೇ ಅದನ್ನ ಇಲ್ಲಿ ಬಿಚ್ಚಿಡ್ತಿದ್ದೀನಿ. ಹೆಸರು, ಊರು, ಕಾಫಿ ತಂದ ಪಾರ್ಟಿ ಯಾವುದೂ ಹೇಳಲ್ಲ.

ಮೊದಲು ಚಾಟ್ ಓಪನ್ ಮಾಡಿ ಮೇಲೆ ಸರ್ಚ್‌ನಲ್ಲಿ ನೀವು ಹೊಗಳುವಾಗ ಬಳಸೋ ಪದಗಳನ್ನೇ ಹಾಕಿ ಹುಡುಕಿ. ಒಬ್ಬೊಬ್ರದ್ದು ಒಂದೊಂದಿರುತ್ತೆ, ನಂದು ‘ಸೂಪರ್ ಕಣೆ’, ‘ಭೇಷ್’, ‘ಗುಡ್’. ಇಂಗ್ಲಿಷ್ ಅಕ್ಷರದಲ್ಲೂ ಕನ್ನಡ ಅಕ್ಷರದಲ್ಲೂ ಎರಡೂ ಥರ ಹುಡುಕಿ, ಯಾಕಂದ್ರೆ ಟೈಪ್ ಮಾಡೋವಾಗ ನಮಗೆ ಎರಡೂ ಅಭ್ಯಾಸ. ಸಿಕ್ಕಿದ್ದಕ್ಕೆಲ್ಲ ಸ್ಟಾರ್ ಹಾಕ್ಕೊಳ್ಳಿ, ಆಮೇಲೆ ಒಂದೊಂದರ ಹಿಂದೆ ಹೋಗಿ ಏನು ನಡೀತು ಅಂತ ಓದಿ. ಅವಳ ವಿಷಯದಲ್ಲಿ ಹುಟ್ಟುಹಬ್ಬದ್ದು, ಊಟದ್ದು ಎಲ್ಲ ಬಿಟ್ಟು ಕೊನೆಗೆ ಉಳಿದಿದ್ದು ಈ ಮೂರು:

“ಸೂಪರ್ ಕಣೆ ಮಾರಾಯ್ತಿ, ನೀನಿಲ್ದಿದ್ರೆ ಇವತ್ತು ಆ ಲಾಟ್ ಹಂಗೇ ಹೋಗ್ಬಿಡೋದು.”

“ಪಾರ್ಟಿ ಫೋನ್ ಮಾಡಿದ್ರು, ಹುಡುಗಿ ಚೆನ್ನಾಗಿ ವಿವರಿಸಿದ್ಲು ಅಂದ್ರು, ಭೇಷ್.”

“ನೀನು ಬರ್ದು ಅಂಟಿಸಿದ ಶೀಟ್ ನೋಡ್ಕೊಂಡೇ ಹೊಸ ಹುಡುಗ ಎಲ್ಲಾ ಮಾಡ್ದ. ಗುಡ್ ಗುಡ್.”

ಇದನ್ನ ನೇರವಾಗಿ ಲೆಟರ್ ಭಾಷೆಗೆ ಎತ್ತಿದ್ರೆ ಏನಾಗುತ್ತೆ ಅಂದ್ರೆ ‘ಇವರು ಅತ್ಯಂತ ಪ್ರತಿಭಾವಂತರು, ಉತ್ತಮ ಸಂವಹನ ಕೌಶಲ್ಯ ಹೊಂದಿದ್ದಾರೆ, ನಾಯಕತ್ವದ ಗುಣ ಇದೆ’ ಅಂತ ಆಗುತ್ತೆ. ಸೂಪರ್‌ಗೆ ಪ್ರತಿಭಾವಂತರು, ಭೇಷ್‌ಗೆ ಸಂವಹನ, ಗುಡ್‌ಗೆ ನಾಯಕತ್ವ. ಮಾತು ದೊಡ್ಡದಾಯ್ತು, ವಿಷಯ ಮಾತ್ರ ಒಂದು ಗುಲಗಂಜಿಯಷ್ಟೂ ಜಾಸ್ತಿ ಆಗ್ಲಿಲ್ಲ. ಅಡ್ಮಿಷನ್ ನೋಡೋರ ಟೇಬಲ್ ಮೇಲೆ ಇಂಥಾ ಲೆಟರ್ ರಾಶಿ ಬಿದ್ದಿರುತ್ತೆ, ಅವರಿಗೆ ಇದರಲ್ಲಿ ಹಿಡ್ಕೊಳ್ಳೋಕೆ ಏನೂ ಸಿಗಲ್ಲ.

ಈಗ ಮೊದಲನೇ ಮೆಸೇಜ್ ಹಿಂದೆ ಹೋಗೋಣ. ಅದರ ಮೇಲೆ ಅವಳು ಮಾಯಿಶ್ಚರ್ ಮೀಟರ್‌ದು ಒಂದು ಫೋಟೋ ಹಾಕಿ ಕೆಳಗೆ ಬರೆದಿದ್ದು: “ಅಕ್ಕಾ ಮೀಟರ್ 10.4 ತೋರಿಸ್ತಿದೆ, ಆದ್ರೆ ಕಚ್ಚಿದ್ರೆ ಕೆಲವು ಬೀಜ ಮೆತ್ತಗಿದೆ. ಮೂಟೆ ನಡುವಿಂದ ಬೇರೆ ಸ್ಯಾಂಪಲ್ ತೆಗೀಲಾ?”

ಕಾಫಿ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬೇಕು. ತೋಟದಿಂದ ಬರೋ ಅರೇಬಿಕಾ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಬೀಜ, ಸುಮಾರು 10 ಪರ್ಸೆಂಟ್ ತೇವಕ್ಕೆ ಒಣಗಿರಬೇಕು. ಹಸಿ ಇದ್ರೆ ಗೋಡೌನಲ್ಲಿ ಬಣ್ಣ ಬಿಳಿಚಿಕೊಳ್ಳುತ್ತೆ, ಬೂಷ್ಟು ಹಿಡಿಯುತ್ತೆ, ಸಿಪ್ಪೆ ತೆಗೆಯೋ ಮಷಿನ್‌ನಲ್ಲಿ ಬೀಜ ಚಪ್ಪಟೆ ಆಗುತ್ತೆ. ಎಕ್ಸ್‌ಪೋರ್ಟ್‌ಗಂತೂ ಇಂಟರ್‌ನ್ಯಾಷನಲ್ ಕಾಫಿ ಆರ್ಗನೈಸೇಷನ್ ಇಟ್ಟಿರೋ ಮಿತಿಯೇ 8ರಿಂದ 12.5 ಪರ್ಸೆಂಟ್. ಚೆನ್ನಾಗಿ ಒಣಗಿದ ಬೀಜ ಹಲ್ಲಿಗೆ ಕಟಕ್ ಅನ್ನುತ್ತೆ, ಹಸಿ ಬೀಜದ ಮೇಲೆ ಹಲ್ಲಿನ ಗುರುತು ಬೀಳುತ್ತೆ. ಹಂಗಾಗಿ ಮೀಟರ್ ಸರಿ ಅಂದ್ರೂ ಹಲ್ಲು ಬೇರೆ ಹೇಳ್ತಿದೆ ಅಂತ ಅವಳು ನಿಂತ್ಕೊಂಡಿದ್ದು ಸಣ್ಣ ವಿಷಯ ಅಲ್ಲ. ಹೊಸಬರು ಸಾಮಾನ್ಯವಾಗಿ ಮೀಟರ್ ನಂಬರ್ ಬರ್ಕೊಂಡು ಮುಂದೆ ಹೋಗ್ತಾರೆ.

ಆಮೇಲೇನಾಯ್ತು ಅನ್ನೋದು ಚಾಟಲ್ಲಿ ಇರ್ಲಿಲ್ಲ, ನಾನು ‘ತೆಗಿ’ ಅಂದಿದ್ದೆ ಅಷ್ಟೇ. ರಿಜಿಸ್ಟರ್ ತೆಗೆದು ನೋಡಿದೆ. ಮೂಟೆ ಬಾಯಿಂದ ತೆಗೆದಿದ್ದು 10.4, ಚುಚ್ಚುಗೊಳವೆ ಹಾಕಿ ನಡುವಿಂದ ತೆಗೆದಿದ್ದು ಕೆಲವು ಮೂಟೆಲಿ 12.8. ಅವಳು ಅಷ್ಟಕ್ಕೇ ಬಿಡದೆ ಸಿಪ್ಪೆ ಬಿಡಿಸಿ ಓವನ್‌ಗೂ ಇಟ್ಟಿದ್ಲು, 105 ಡಿಗ್ರಿಲಿ 16 ಗಂಟೆ. ಮೀಟರ್ ಮೇಲೆ ಅನುಮಾನ ಬಂದ್ರೆ ಹೋಲಿಸೋಕೆ ಇರೋ ಪದ್ಧತಿ ಅದು. ಮಾರನೇ ದಿನ ಓವನ್‌ನಲ್ಲೂ 12ರ ಮೇಲೇ ಬಂತು. ಬೇರೆಬೇರೆ ಕಣದಲ್ಲಿ ಒಣಗಿಸಿದ್ದನ್ನ ಒಂದೇ ಲಾಟ್ ಮಾಡಿ ತುಂಬಿಸಿದ್ರು, ಅದೇ ಕಾರಣ. ಹಸಿ ಮೂಟೆ ಬೇರೆ ಮಾಡಿ ಮತ್ತೆ ಒಣಗಿಸಿದ್ವಿ.

ಈಗ ನನ್ನ ಮೆಸೇಜ್ ಮತ್ತೆ ಓದಿ, ‘ನೀನಿಲ್ದಿದ್ರೆ ಲಾಟ್ ಹಂಗೇ ಹೋಗ್ಬಿಡೋದು’. ಚಾಟಲ್ಲಿ ಅದು ಪ್ರೀತಿಯ ಮಾತು, ಹಂಗೆ ಹೇಳೋದೇ ಸರಿ. ಲೆಟರಲ್ಲಿ ಅದೇ ಮಾತು ಬರೆದ್ರೆ ಸುಳ್ಳಾಗುತ್ತೆ, ಯಾಕಂದ್ರೆ ನಮ್ಮಲ್ಲಿ ಸಿಪ್ಪೆ ತೆಗೆದ ಮೇಲೆ ಇನ್ನೊಂದು ಸಲ ತೇವ ನೋಡ್ತೀವಿ, ರವಾನೆ ಮುಂಚೆ ಮತ್ತೊಂದು ಸಲ. ಎಲ್ಲೋ ಒಂದು ಕಡೆ ಸಿಕ್ಕಿಬೀಳ್ತಿತ್ತು. ಅವಳು ಮಾಡಿದ್ದು ಅದನ್ನ ಬಾಗಿಲಲ್ಲೇ ಹಿಡಿದಿದ್ದು. ‘ಕಂಪನಿಗೆ ಲಕ್ಷಾಂತರ ಉಳಿಸಿದಳು’ ಅಂತ ಬರೆಯೋ ಆಸೆ ಎಲ್ಲರಿಗೂ ಬರುತ್ತೆ, ಆದ್ರೆ ಓದೋರು ಈ ಫೀಲ್ಡ್ ಗೊತ್ತಿರೋರಾದ್ರೆ ಆ ಒಂದು ಸಾಲಿಂದ ಉಳಿದ ನಿಜಕ್ಕೂ ಬೆಲೆ ಹೋಗುತ್ತೆ. ಅದಕ್ಕೆ ಪ್ರತಿ ವಾಕ್ಯ ಬರೆದ್ಮೇಲೆ ‘ನಿಮಗೆ ಹೆಂಗೆ ಗೊತ್ತು?’ ಅಂತ ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಏನ್ ಹೇಳ್ತೀನಿ ಅಂತ ನಾನು ಯೋಚ್ನೆ ಮಾಡ್ತೀನಿ. ಉತ್ತರ ಇಲ್ಲದ ವಾಕ್ಯ ತೆಗೆದುಬಿಡ್ತೀನಿ, ಅದು ಎಷ್ಟೇ ಚೆನ್ನಾಗಿರ್ಲಿ.

ಕೊನೆಗೆ ಆ ಪ್ಯಾರಾ ಹಿಂಗಾಯ್ತು. ಲೆಟರ್ ಹೋಗಿದ್ದು ಇಂಗ್ಲಿಷಲ್ಲಿ, ಕನ್ನಡ ಕರಡು ಇದು:

“ಒಂದು ಅರೇಬಿಕಾ ಪಾರ್ಚ್‌ಮೆಂಟ್ ಲಾಟ್‌ನ ತೇವಾಂಶ ಮೀಟರ್‌ನಲ್ಲಿ ಶೇ. 10.4 ಬಂದಿದ್ದರೂ, ಕೆಲವು ಬೀಜ ಮೆತ್ತಗಿರುವುದನ್ನು ಇವರು ಗಮನಿಸಿ, ಮೂಟೆಗಳ ನಡುವಿನಿಂದ ಮತ್ತೆ ಸ್ಯಾಂಪಲ್ ತೆಗೆಯಲು ನನ್ನ ಒಪ್ಪಿಗೆ ಕೇಳಿದರು. ಕೆಲವು ಮೂಟೆಗಳಲ್ಲಿ ಶೇ. 12.8 ಕಂಡುಬಂತು. ಓವನ್ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳುವ ನಿರ್ಧಾರ ಇವರದೇ. ಇದರಿಂದ ಹಸಿ ಮೂಟೆಗಳನ್ನು ಸಂಸ್ಕರಣೆಗೆ ಮೊದಲೇ ಬೇರ್ಪಡಿಸಲು ಸಾಧ್ಯವಾಯಿತು.”

ಇದರಲ್ಲಿ ‘ಪ್ರತಿಭಾವಂತೆ’ ಅನ್ನೋ ಮಾತೇ ಇಲ್ಲ ನೋಡಿ. ‘ನನ್ನ ಒಪ್ಪಿಗೆ ಕೇಳಿದರು’ ಅನ್ನೋದನ್ನ ಬೇಕಂತಲೇ ಉಳಿಸಿದೆ, ಅದು ಆದದ್ದು ಹಂಗೇ, ಮತ್ತೆ ಲ್ಯಾಬ್‌ನಲ್ಲಿ ಕೆಲಸ ಮಾಡೋರಿಗೆ ಅನುಮಾನ ಬಂದಾಗ ಮೇಲಿನವರಿಗೆ ಹೇಳಿ ಮುಂದುವರಿಯೋ ಅಭ್ಯಾಸ ಇದೆಯಾ ಅನ್ನೋದು ಬಹಳ ಮುಖ್ಯ. ‘ನಿರ್ಧಾರ ಇವರದೇ’ ಅನ್ನೋದೂ ಅಷ್ಟೇ, ನಾನು ಓವನ್ ಬಗ್ಗೆ ಏನೂ ಹೇಳಿರ್ಲಿಲ್ಲ ಅನ್ನೋದು ಚಾಟ್ ನೋಡಿದ್ಮೇಲೇ ನನಗೆ ಖಾತ್ರಿಯಾಗಿದ್ದು. ಯಾವುದು ನೀವು ಹೇಳಿ ಮಾಡಿಸಿದ್ದು, ಯಾವುದು ಅವರಾಗೇ ಮಾಡಿದ್ದು, ಈ ಗೆರೆ ಲೆಟರಲ್ಲಿ ಸ್ಪಷ್ಟ ಇರ್ಬೇಕು.

ಎರಡನೇ ಮೆಸೇಜ್ ಕಷ್ಟದ್ದು. ಪಾರ್ಟಿ ಹತ್ರ ಅವಳು ಏನು ಮಾತಾಡಿದ್ಲು ಅಂತ ನಾನು ಕೇಳಿಸ್ಕೊಂಡೇ ಇಲ್ಲ, ನನಗೆ ಗೊತ್ತಿರೋದು ಫೋನಲ್ಲಿ ಅವರು ಹೇಳಿದ್ದು. ಹಂಗಾಗಿ ‘ಉತ್ತಮವಾಗಿ ಮಾತನಾಡುತ್ತಾರೆ’ ಅಂತ ಬರೀಲಿಲ್ಲ. ‘ಔಟ್‌ಟರ್ನ್ ಕಡಿಮೆ ಬಂದಿದ್ದಕ್ಕೆ ಕಾರಣವನ್ನು ಇವರು ವಿವರಿಸಿದ ರೀತಿ ಸ್ಪಷ್ಟವಾಗಿತ್ತು ಎಂದು ಒಬ್ಬ ಬೆಳೆಗಾರರು ತಾವಾಗಿಯೇ ಫೋನ್ ಮಾಡಿ ತಿಳಿಸಿದರು’ ಅಂತ ಬರೆದೆ. ಔಟ್‌ಟರ್ನ್ ಅಂದ್ರೆ ಸಿಪ್ಪೆ ತೆಗೆದ ಮೇಲೆ ಸಿಗೋ ಬೀಜದ ಪ್ರಮಾಣ. ತಮ್ಮ ಕಾಫಿಲಿ ಅದು ಕಮ್ಮಿ ಬಂತು ಅಂತ ಕೇಳಿದ ಮೇಲೂ ಬೆಳೆಗಾರ ಫೋನ್ ಮಾಡಿ ಹೊಗಳ್ತಾನೆ ಅಂದ್ರೆ ಅದರ ತೂಕ ಓದೋರಿಗೆ ತಾನಾಗೇ ತಿಳಿಯುತ್ತೆ. ಬೆಳೆಗಾರರ ಹೆಸರಾಗ್ಲಿ ಲಾಟ್ ನಂಬರಾಗ್ಲಿ ಹಾಕಬಾರದು, ಅದು ಅವರ ವ್ಯವಹಾರದ ವಿಷಯ.

ಮೂರನೇದಕ್ಕೆ ಜಾಸ್ತಿ ಹೊತ್ತು ಬೇಕಾಗ್ಲಿಲ್ಲ. ಕಪ್ಪಿಂಗ್, ಅಂದ್ರೆ ಕಾಫಿ ರುಚಿ ನೋಡಿ ಪರೀಕ್ಷೆ ಮಾಡೋ ಕ್ರಮ, ಅವಳು ಕನ್ನಡದಲ್ಲಿ ಬರೆದು ಟೇಬಲ್ ಪಕ್ಕ ಅಂಟಿಸಿದ್ಲು, 150 ಎಂಎಲ್ ನೀರಿಗೆ 8.25 ಗ್ರಾಂ ಪುಡಿ, ನೀರು ಹಾಕಿ 4 ನಿಮಿಷಕ್ಕೆ ಮೇಲಿನ ಪದರ ಒಡೀಬೇಕು, ಹಿಂಗೆ. ಶೀಟ್ ಇನ್ನೂ ಅಲ್ಲೇ ಇದೆ, ಹೊಸಬರು ಇವತ್ತಿಗೂ ಅದನ್ನೇ ನೋಡ್ತಾರೆ. ಅಷ್ಟನ್ನೇ ಬರೆದೆ, ನಾಯಕತ್ವ ಅನ್ನೋ ಪದ ಹಾಕ್ಲಿಲ್ಲ.

ಇನ್ನು ಫಾರ್ಮಲ್ಲಿ ಬರೋ ಪ್ರಶ್ನೆ. ನಿಮ್ಮ ಕೈಕೆಳಗಿನವರಲ್ಲಿ ಇವರು ಮೇಲಿನ 5 ಪರ್ಸೆಂಟಾ, 10 ಪರ್ಸೆಂಟಾ ಅಂತ ಟಿಕ್ ಹಾಕೋಕೆ ಕೆಲವು ಕಡೆ ಕೇಳ್ತಾರೆ. ನಮ್ಮಂಥ ಸಣ್ಣ ಸೆಕ್ಷನ್‌ನಲ್ಲಿ ಪರ್ಸೆಂಟ್ ಎಲ್ಲಿಂದ ಬರ್ಬೇಕು? ಟಿಕ್ ಹಾಕಲೇಬೇಕಿದ್ರೆ ಹಾಕಿ, ಲೆಟರಲ್ಲಿ ಮಾತ್ರ ಯಾರ ಜೊತೆ ಹೋಲಿಸ್ತಿದ್ದೀರಿ ಅಂತ ಹೇಳಿ. ‘ನಾನು ತರಬೇತಿ ಕೊಟ್ಟ ಟ್ರೈನಿಗಳಲ್ಲಿ ಮೀಟರ್ ರೀಡಿಂಗನ್ನು ತಾನಾಗಿ ಪ್ರಶ್ನಿಸಿದ್ದು ಇವರೊಬ್ಬರೇ’ ಅಂತ ನಾನು ಬರೆದೆ, ಅದು ನಿಜ.

‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅಂತ ದಯವಿಟ್ಟು ಹೇಳ್ಬೇಡಿ. ನಮ್ಮ ಕಡೆ ಇದು ತುಂಬಾ ನಡೆಯುತ್ತೆ, ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಅವಳಿಗೆ ಅವಳ ಕೆಲಸ ಗೊತ್ತು, ಆದ್ರೆ ನಿಮಗೆ ಅದು ಹೆಂಗೆ ಕಾಣಿಸ್ತು, ಬೇರೆಯವರು ಅದೇ ಜಾಗದಲ್ಲಿ ಏನ್ ಮಾಡ್ತಿದ್ರು ಅಂತ ಅವಳಿಗೆ ಹೆಂಗೆ ಗೊತ್ತಾಗ್ಬೇಕು? ಜೊತೆಗೆ ಅವಳೇ ಬರೆದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಮತ್ತೆ ನಿಮ್ಮ ಹೆಸರಿನ ಲೆಟರ್ ಎರಡೂ ಒಂದೇ ಧಾಟಿಲಿದ್ರೆ ಓದೋರಿಗೆ ಅನುಮಾನ ಬರುತ್ತೆ. ಅವಳಿಂದ ಕೇಳ್ಬೇಕಾಗಿರೋದು ಸೇರಿದ ತಾರೀಕು, ಹುದ್ದೆ, ಯಾವ ಕೋರ್ಸ್, ಕೊನೇ ದಿನ ಯಾವಾಗ, ಇಷ್ಟು ಮಾತ್ರ.

ಲೆಟರ್ ಶುರು ಮಾಡೋವಾಗ ನೀವು ಯಾರು, ಅವಳು ನಿಮ್ಮ ಕೈಕೆಳಗೆ ಯಾವಾಗಿಂದ ಯಾವಾಗಿನವರೆಗೆ ಏನ್ ಕೆಲಸ ಮಾಡಿದ್ಲು ಅಂತ ಎರಡು ಸಾಲು, ಆಮೇಲೆ ನೇರ ಆ ತೇವದ ಪ್ಯಾರಾ, ಆಮೇಲೆ ಉಳಿದೆರಡು. ಒಂದು ಪುಟ ಸಾಕು. ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದು ಸಹಿ, ಸೀಲು, ನಿಮ್ಮ ಆಫೀಸ್ ನಂಬರ್ ಇರ್ಲಿ. ಹೊರಗಿನ ಯೂನಿವರ್ಸಿಟಿಗಳಾದ್ರೆ ಬಹಳಷ್ಟು ಸಲ ಲಿಂಕ್ ನೇರ ನಿಮ್ಮ ಮೇಲ್‌ಗೇ ಬರುತ್ತೆ, ಅಭ್ಯರ್ಥಿ ಕೈಗೆ ಲೆಟರ್ ಹೋಗೋದೇ ಇಲ್ಲ. ಅದಕ್ಕೆ ಅವಳಿಗೆ ಆಫೀಸ್ ಮೇಲ್ ಐಡಿ ಕೊಡಿ, ಸ್ವಂತದ್ದು ಬೇಡ. ಆ ಲಿಂಕ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಕೂತ್ಕೊಳ್ಳೋದು ಮಾಮೂಲಿ, ಅವಳು ‘ಅಪ್ಲೈ ಮಾಡಿದೆ ಅಕ್ಕ’ ಅಂದ ದಿನವೇ ಅಲ್ಲೂ ಒಂದ್ಸಲ ನೋಡಿಬಿಡಿ.